ಒಂದು ವಾರದ ಟಿಆರ್‌ಪಿ ತೋರಿಸಿ ಜಾಹೀರಾತು ಕೇಳುತ್ತಿದ್ದಾರೆ, ನಂಬಬಹುದಾ?

ಬ್ಯಾಳಿ ಸಾಹುಕಾರ, ಕಲಬುರಗಿ

ನಮ್ಮದು ಕಲಬುರಗಿಯಲ್ಲಿ ಸಣ್ಣ ದಾಲ್ ಮಿಲ್. ಇಷ್ಟು ವರ್ಷ ತೊಗರಿ ಬೇಳೆಯನ್ನು ಚೀಲದಲ್ಲೇ ಮಾರಿದೆವು. ಈಗ ಮಗನ ಹಟಕ್ಕೆ ಒಂದು ಕೆಜಿ ಪ್ಯಾಕೆಟ್ ಮಾಡಿ ನಮ್ಮದೇ ಹೆಸರು ಹಾಕಿದ್ದೇವೆ.

ಹೋದ ವಾರ ಒಂದು ಕನ್ನಡ ಚಾನೆಲ್‌ನ ಜಾಹೀರಾತಿನ ಏಜೆಂಟ್ ಬಂದಿದ್ದ. ಲ್ಯಾಪ್‌ಟಾಪ್ ತೆಗೆದು ಒಂದು ಪಟ್ಟಿ ತೋರಿಸಿದ. ಅವರ ಮಧ್ಯಾಹ್ನದ ಅಡುಗೆ ಕಾರ್ಯಕ್ರಮದ ರೇಟಿಂಗ್ 0.5 ಇದ್ದದ್ದು ಒಂದೇ ವಾರದಲ್ಲಿ 0.9 ಆಗಿದೆಯಂತೆ. "ಹೆಚ್ಚುಕಮ್ಮಿ ಡಬಲ್ ಆಗಿದೆ ಸರ್, ರೇಟ್ ಏರೋಕ್ಕಿಂತ ಮೊದಲು ಬುಕ್ ಮಾಡಿ" ಅಂದ. 10 ಸೆಕೆಂಡಿಗೆ 3,000 ರೂಪಾಯಿ. ನಮ್ಮ ಜಾಹೀರಾತು 20 ಸೆಕೆಂಡ್. 30 ಸಲ ಹಾಕಿಸಿದರೆ 1,80,000 ಆಗುತ್ತದೆ.

ನಮಗೆ ಅದು ಸಣ್ಣ ದುಡ್ಡಲ್ಲ. ನನ್ನ ಪ್ರಶ್ನೆ ಇಷ್ಟೇ. ಈ 0.9 ಅನ್ನುವುದನ್ನು ಯಾರು ಎಣಿಸಿದರು? ನಮ್ಮ ಓಣಿಗೆ ಒಬ್ಬರೂ ಬಂದು "ಏನು ನೋಡ್ತೀರಿ" ಅಂತ ಕೇಳಿದ್ದು ನನಗೆ ನೆನಪಿಲ್ಲ.

ಸುರಪುರದಕ್ಕ

ಅಣ್ಣಾ, ನನ್ನದೂ ಇದೇ ಪ್ರಶ್ನೆ! ನಾನು ನೋಡುತ್ತಿದ್ದ ಧಾರಾವಾಹಿಯನ್ನು ಸಂಜೆ 7ರಿಂದ ತೆಗೆದು ರಾತ್ರಿ 10:30ಕ್ಕೆ ಹಾಕಿದರು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ಎರಡು ತಿಂಗಳಿಗೆ ನಿಲ್ಲಿಸಿಯೇ ಬಿಟ್ಟರು. ಟಿಆರ್‌ಪಿ ಇಲ್ಲವಂತೆ. ನಮ್ಮ ಓಣಿಯಲ್ಲಿ ಹನ್ನೆರಡು ಮನೆಯವರು ಅದನ್ನೇ ನೋಡುತ್ತಿದ್ದೆವು. ಯಾರಿಗೆ ದೂರು ಕೊಡಬೇಕು ಹೇಳಿ.

ಕೇಬಲ್ ಕಾಕಾ, ಶಹಾಪುರ

ಸಾಹುಕಾರ್ರೇ, ಇದರಲ್ಲಿ ಗುಟ್ಟೇನಿಲ್ಲ. ಇಪ್ಪತ್ತು ವರ್ಷದಿಂದ ಕೇಬಲ್ ನಡೆಸುತ್ತಿದ್ದೇನೆ. ನಿಮ್ಮ ಮನೆಯ ಸೆಟ್ ಟಾಪ್ ಬಾಕ್ಸ್‌ನಲ್ಲಿ ಕಾರ್ಡ್ ನಂಬರ್ ಇರುತ್ತದೆ. ನೀವು ಯಾವ ಚಾನೆಲ್ ಹಾಕಿದಿರಿ ಅನ್ನುವುದು ಅದರಿಂದ ಮೇಲಿನವರಿಗೆ ಹೋಗುತ್ತದೆ. ಎಲ್ಲ ಬಾಕ್ಸ್ ಕೂಡಿಸಿದರೆ ಟಿಆರ್‌ಪಿ. ಮನೆಗೆ ಬಂದು ಕೇಳುವ ಕಾಲ ಹೋಯಿತು.

ಬೀದರ್‌ನವ

ಕಾಕಾ, ಅರ್ಧ ಸರಿ ಹೇಳಿದಿರಿ. ನಿಮ್ಮ ಹತ್ತಿರ ಯಾವ ಕಾರ್ಡ್‌ಗೆ ಯಾವ ಪ್ಯಾಕೇಜ್ ಚಾಲೂ ಇದೆ ಅನ್ನುವ ಲೆಕ್ಕ ಇರುತ್ತದೆ, ಅದು ನಿಜ. ಆದರೆ ನಮ್ಮ ಕಡೆ ಇರುವ ಸಾಮಾನ್ಯ ಬಾಕ್ಸ್‌ಗೆ ಸಿಗ್ನಲ್ ಬರುತ್ತದೆ, ಅದರಿಂದ ವಾಪಸ್ ಏನೂ ಹೋಗುವುದಿಲ್ಲ. ಇಂಟರ್‌ನೆಟ್‌ಗೆ ಸೇರಿಸಿದ ಬಾಕ್ಸ್ ಆದರೆ ಕಳಿಸಬಹುದು. ಅದೂ "ಬಾಕ್ಸ್ ಈ ಚಾನೆಲ್‌ನಲ್ಲಿ ಇತ್ತು" ಅಂತ ಮಾತ್ರ ಹೇಳುತ್ತದೆ. ಮುಂದೆ ಕೂತಿದ್ದು ಅಜ್ಜಿಯಾ, ಮೊಮ್ಮಗನಾ ಅಂತ ಅದಕ್ಕೆ ಗೊತ್ತಿಲ್ಲ. ಬೇಳೆ ಮಾರುವವರಿಗೆ ಬೇಕಾಗಿರುವುದು ಅದೇ ಅಲ್ವಾ?

ನಾನು ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದವನು. ಈಗ ಊರಿಗೆ ಬಂದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ರೇಟಿಂಗ್ ಕೊಡುವ ಸಂಸ್ಥೆಯ ಹೆಸರು ಬಾರ್ಕ್. ಚಾನೆಲ್‌ನವರು, ಜಾಹೀರಾತು ಕೊಡುವ ಕಂಪನಿಗಳು, ಏಜೆನ್ಸಿಗಳು ಮೂರೂ ಕಡೆಯವರು ಸೇರಿ ಕಟ್ಟಿದ್ದು. 2015ರಿಂದ ರೇಟಿಂಗ್ ಕೊಡುತ್ತಿದೆ. ಅವರು ಎಲ್ಲರ ಮನೆ ಎಣಿಸುವುದಿಲ್ಲ. ಮೊದಲು ಲಕ್ಷಗಟ್ಟಲೆ ಮನೆಗೆ ಹೋಗಿ ಒಂದು ದೊಡ್ಡ ಸರ್ವೆ ಮಾಡುತ್ತಾರೆ. ಟಿವಿ ಇದೆಯಾ, ಕೇಬಲ್ಲಾ ಡಿಶ್ಶಾ, ಮನೆಯಲ್ಲಿ ಎಷ್ಟು ಜನ, ಯಾವ ಭಾಷೆ, ದುಡಿಯುವವರು ಎಷ್ಟು ಓದಿದ್ದಾರೆ, ಫ್ರಿಜ್ ಇದೆಯಾ, ಬೈಕ್ ಇದೆಯಾ. ಅದರಿಂದ ಟಿವಿ ನೋಡುವವರ ಒಂದು ನಕ್ಷೆ ಸಿಗುತ್ತದೆ. ಆ ನಕ್ಷೆಗೆ ಹೊಂದುವಂತೆ ಕೆಲವು ಮನೆ ಆರಿಸಿ ಮೀಟರ್ ಇಡುತ್ತಾರೆ.

2020ರ ಅಂದಾಜಿನಲ್ಲಿ ದೇಶದಲ್ಲಿ ಟಿವಿ ಇರುವ ಮನೆ 21 ಕೋಟಿ. ಆಗ ಮೀಟರ್ ಇದ್ದದ್ದು ಸುಮಾರು 44,000 ಮನೆಯಲ್ಲಿ. ಭಾಗಿಸಿ ನೋಡಿ. ಒಂದು ಮೀಟರ್ ಮನೆ ಸುಮಾರು 4,800 ಮನೆಯ ಪರವಾಗಿ ಮಾತಾಡುತ್ತದೆ. ಆಮೇಲೆ ಮೀಟರ್ 55,000 ದಾಟಿತು. ಆದರೂ ನಿಮ್ಮ ಓಣಿಗೆ ಯಾರೂ ಬರದೇ ಇರುವುದರಲ್ಲಿ ವಿಶೇಷವೇನಿಲ್ಲ. ಸುರಪುರದಕ್ಕನ ಓಣಿಯ ಹನ್ನೆರಡು ಮನೆಯದ್ದೂ ಅದೇ ಕಥೆ.

ಮೀಟರ್ ಹೇಗೆ ಕೆಲಸ ಮಾಡುತ್ತದೆ ಅಂದರೆ, ಈ ಲೆಕ್ಕಕ್ಕೆ ಸೇರಿದ ಪ್ರತಿ ಚಾನೆಲ್ ತನ್ನ ಧ್ವನಿಯೊಳಗೆ ಕಿವಿಗೆ ಕೇಳದ ಒಂದು ಗುರುತು ಸೇರಿಸಿ ಕಳಿಸುತ್ತದೆ. ಟಿವಿ ಪಕ್ಕದ ಮೀಟರ್ ಆ ಗುರುತನ್ನು ಹಿಡಿಯುತ್ತದೆ. ಯಾವ ಚಾನೆಲ್, ಎಷ್ಟು ಗಂಟೆಗೆ, ಎಷ್ಟು ನಿಮಿಷ ಅಂತ ಬರೆದುಕೊಳ್ಳುತ್ತದೆ. ಮನೆಯವರಿಗೆ ಒಂದು ಬೇರೆ ರಿಮೋಟ್ ಕೊಟ್ಟಿರುತ್ತಾರೆ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ದಾಖಲೆ ಮೊಬೈಲ್ ನೆಟ್‌ವರ್ಕ್ ಮೂಲಕ ಹೋಗುತ್ತದೆ. ಶನಿವಾರದಿಂದ ಶುಕ್ರವಾರದವರೆಗೆ ಒಂದು ವಾರ, ಮುಂದಿನ ಗುರುವಾರ ಅಂಕಿ ಹೊರಗೆ. ಗುರುವಾರ ಬೆಳಿಗ್ಗೆ ಚಾನೆಲ್ ಆಫೀಸಿನಲ್ಲಿ ಯಾರ ಮುಖವನ್ನೂ ನೋಡಬಾರದು, ಅದು ಬೇರೆ ಮಾತು.

ಸಾಹುಕಾರ್ರೇ, ನಿಮ್ಮ 0.9ರ ವಿಷಯ ರಾತ್ರಿ ಬರೆಯುತ್ತೇನೆ. ಈಗ ಮಗಳನ್ನು ಟ್ಯೂಷನ್‌ಗೆ ಬಿಡಬೇಕು.

ಚಿಂಚೋಳಿ ಹುಡುಗಿ

ಮೀಟರ್ ಇದ್ದ ಮನೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಂಬಂಧಿಕರ ಮನೆ, ಊರು ಹೇಳುವುದಿಲ್ಲ. ಅವರಿಗೂ ಯಾರಿಗೂ ಹೇಳಬೇಡಿ ಅಂತಲೇ ಹೇಳಿದ್ದರು. ಈಗ ತೆಗೆದಿದ್ದಾರೆ. ಮನೆಗಳನ್ನು ಆಗಾಗ ಬದಲಾಯಿಸುತ್ತಾರಂತೆ.

ಮೊದಲ ತಿಂಗಳು ಎಲ್ಲರೂ ಶಿಸ್ತಾಗಿ ಗುಂಡಿ ಒತ್ತಿದರು. ಆಮೇಲೆ? ಅಜ್ಜಿಗೆ ತನ್ನ ಗುಂಡಿ ಯಾವುದು ಅಂತಲೇ ಮರೆತುಹೋಯಿತು. ಅತ್ತೆ ಟಿವಿ ಹಚ್ಚಿಟ್ಟು ರೊಟ್ಟಿ ಬಡಿಯಲು ಒಳಗೆ ಹೋಗುತ್ತಿದ್ದರು. ಅವರ ಗುಂಡಿ ಹಾಗೇ ಇರುತ್ತಿತ್ತು. ಅತ್ತೆ ಧಾರಾವಾಹಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಲೆಕ್ಕದಲ್ಲಿ ನೋಡಿದ ಹಾಗೆ. ನಾವು ಹೋದಾಗ ಅತಿಥಿ ಗುಂಡಿಯನ್ನು ಒತ್ತಲು ನಮ್ಮ ನಮ್ಮಲ್ಲೇ ಜಗಳ. ಇದರ ಮೇಲೆ ಕೋಟಿಗಟ್ಟಲೆ ವ್ಯವಹಾರ ನಡೆಯುತ್ತದೆ ಅಂದರೆ ನಗು ಬರುತ್ತದೆ.

ಬೀದರ್‌ನವ

ನಗುವ ಹಾಗೇ ಇದೆ. ಅದಕ್ಕೇ ದಿನದ ದಾಖಲೆಯನ್ನು ಸೋಸುತ್ತಾರೆ. ಗಂಟೆಗಟ್ಟಲೆ ಒಂದೇ ಚಾನೆಲ್‌ನಲ್ಲಿ ಇದ್ದು, ಒಬ್ಬರೂ ಗುಂಡಿ ಮುಟ್ಟದ ಮನೆಯನ್ನು ಆ ದಿನದ ಲೆಕ್ಕದಿಂದ ಬಿಡುತ್ತಾರೆ. ದಾಖಲೆ ಬಾರದ ಮನೆಯನ್ನೂ ಬಿಡುತ್ತಾರೆ. ಉಳಿದ ಮನೆಗಳ ತೂಕ ಅಷ್ಟು ಹೆಚ್ಚುತ್ತದೆ. ನಿಮ್ಮ ಅತ್ತೆ ಅಡುಗೆಮನೆಯಲ್ಲಿ ಇದ್ದದ್ದನ್ನು ಮಾತ್ರ ಯಾವ ಸೋಸುವಿಕೆಯೂ ಹಿಡಿಯಲಾರದು.

ಈಗ ಸಾಹುಕಾರ್ರ ಲೆಕ್ಕ. ರೇಟಿಂಗ್ 0.9 ಅಂದರೆ, ಆ ಕಾರ್ಯಕ್ರಮದ ಯಾವುದೇ ಒಂದು ನಿಮಿಷ ತೆಗೆದುಕೊಂಡರೆ ಸರಾಸರಿ ನೂರಕ್ಕೆ 0.9 ಜನ ಅಲ್ಲಿ ಇದ್ದರು ಅಂತ. ಯಾವ ನೂರು ಅನ್ನುವುದು ಮುಖ್ಯ. ಏಜೆಂಟ್ ನಿಮಗೆ "ಹೆಂಗಸರು, 22ರಿಂದ 50, ಕರ್ನಾಟಕ" ಅಂತ ತೋರಿಸಿರಬೇಕು. ಬೇಳೆಗೆ ಸಾಮಾನ್ಯವಾಗಿ ಅದನ್ನೇ ತೆಗೆಯುತ್ತಾರೆ.

ಮೀಟರ್ ಮನೆಗಳಲ್ಲಿ ಇಂಥ ಹೆಂಗಸರು ರಾಜ್ಯಕ್ಕೆಲ್ಲ 2,000 ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕ ಸುಲಭವಾಗಲಿ ಅಂತ ನಾನು ಹಾಕಿದ ಸಂಖ್ಯೆ. 0.5 ಅಂದರೆ ಅವರಲ್ಲಿ 10 ಜನ. 0.9 ಅಂದರೆ 18 ಜನ. ನಿಮಗೆ "ಡಬಲ್" ಅಂತ ಮಾರಿದ್ದು ಎಂಟು ಹೆಂಗಸರನ್ನು.

ಇಷ್ಟು ಸಣ್ಣ ಎಣಿಕೆಯಲ್ಲಿ ಏನೂ ಬದಲಾಗದಿದ್ದರೂ ಅಂಕಿ ಕುಣಿಯುತ್ತದೆ. ಎಷ್ಟು ಕುಣಿಯಬಹುದು ಅಂತ ನೋಡಲು ಒಂದು ಒರಟು ಉಪಾಯ ಇದೆ. ಎಣಿಕೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 10ಕ್ಕೆ ಅದು ಸುಮಾರು 6. ಅಂದರೆ ನಿಜವಾದ ಸಂಖ್ಯೆ 4ರಿಂದ 16ರ ನಡುವೆ ಎಲ್ಲಾದರೂ ಇರಬಹುದು. 18ಕ್ಕೆ ಸುಮಾರು 8, ಅಂದರೆ 10ರಿಂದ 26. ಈ ಎರಡು ಪಟ್ಟಿ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಕಾರ್ಯಕ್ರಮ ನಿಜವಾಗಿ ಬೆಳೆದಿದೆಯಾ, ಸುಮ್ನೆ ಅಲುಗಾಡಿದೆಯಾ ಅಂತ ಒಂದು ವಾರದಿಂದ ಹೇಳಲಿಕ್ಕಾಗದು. ಒಂದೇ ಮನೆಯ ಅತ್ತೆ, ಸೊಸೆ ಜೊತೆಗೇ ಕೂತು ನೋಡುತ್ತಾರೆ. ಆ 18ರಲ್ಲಿ ಮನೆ 12 ಇದ್ದರೂ ಇರಬಹುದು. ಅದರಿಂದ ಅಲುಗಾಟ ಇನ್ನೂ ಜಾಸ್ತಿ.

ಸಂಜೆ ಧಾರಾವಾಹಿಗೆ ಇದೇ ಮಾತು ಹೇಳಬೇಡಿ. ಅಲ್ಲಿ ರೇಟಿಂಗ್ 8 ಇದ್ದರೆ 160 ಹೆಂಗಸರು. ವರ್ಗಮೂಲ 12–13, ಅದರ ಎರಡರಷ್ಟು 25. 160ರಲ್ಲಿ 25 ಹೆಚ್ಚುಕಡಿಮೆ ಅಂದರೆ ನಂಬಬಹುದಾದ ಅಂಕಿ. ರೇಟಿಂಗ್ ಇರುವುದೇ ಅಂಥ ದೊಡ್ಡ ಕಾರ್ಯಕ್ರಮಕ್ಕೆ. ಸಣ್ಣ ಚಾನೆಲ್, ಮಧ್ಯಾಹ್ನದ ಹೊತ್ತು, ಕಿರಿದಾದ ಗುಂಪು, ಒಂದೇ ವಾರ, ಈ ನಾಲ್ಕೂ ಸೇರಿದಾಗ ಅಂಕಿಯ ಕೈಕಾಲು ನಡುಗುತ್ತದೆ.

ಲೆಕ್ಕದ ಮೇಷ್ಟ್ರು, ಯಾದಗಿರಿ

ಬೀದರ್‌ನವರ ವರ್ಗಮೂಲಕ್ಕೆ ನನ್ನದೊಂದು ತಕರಾರು. ಪ್ರತಿ ವಾರ ಹೊಸ 2,000 ಜನರನ್ನು ಆರಿಸಿದರೆ ನಿಮ್ಮ ಲೆಕ್ಕ ಸರಿ. ಆದರೆ ಮೀಟರ್ ಮನೆಗಳು ಈ ವಾರವೂ ಮುಂದಿನ ವಾರವೂ ಹೆಚ್ಚುಕಡಿಮೆ ಅವೇ. ಹೋದ ವಾರ ನೋಡಿದ ಹತ್ತು ಹೆಂಗಸರಲ್ಲಿ ಬಹಳಷ್ಟು ಜನ ಈ ವಾರವೂ ನೋಡಿರುತ್ತಾರೆ. ಆಗ ವಾರದಿಂದ ವಾರಕ್ಕೆ ಆಗುವ *ಬದಲಾವಣೆ* ನೀವು ಹೇಳಿದಷ್ಟು ಅಲುಗಾಡಬಾರದು. ಎಂಟು ಜನ ಹೊಸದಾಗಿ ಬಂದಿದ್ದರೆ ಅದರಲ್ಲಿ ಏನೋ ಇರಲೂಬಹುದು.

ಬೀದರ್‌ನವ

ಮೇಷ್ಟ್ರೇ, ಒಪ್ಪಿದೆ. ದಿನಾ ಕೂತು ನೋಡುವ ಧಾರಾವಾಹಿಗೆ ನಿಮ್ಮ ಮಾತು ಪೂರಾ ಸರಿ. ಅಡುಗೆ ಕಾರ್ಯಕ್ರಮವನ್ನು ಜನ ಹಾಯುತ್ತಾ ಹೋಗುತ್ತಾ ನೋಡುತ್ತಾರೆ. ಹತ್ತರಲ್ಲಿ ಎಷ್ಟು ಜನ ಅವರೇ ವಾಪಸ್ ಬಂದರು ಅಂತ ಗೊತ್ತಾಗದೆ ಇದು ಬಗೆಹರಿಯುವುದಿಲ್ಲ. ಏಜೆನ್ಸಿಯ ಸಾಫ್ಟ್‌ವೇರ್‌ನಲ್ಲಿ ಅದನ್ನು ತೆಗೆಯಬಹುದು. ಏಜೆಂಟ್‌ನ ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಲೆಕ್ಕದ ಮೇಷ್ಟ್ರು, ಯಾದಗಿರಿ

ಹಾಗಾದರೆ "ಬೆಳೆದಿಲ್ಲ" ಅಂತಲೂ ನೀವು ಹೇಳುವ ಹಾಗಿಲ್ಲ.

ಬೀದರ್‌ನವ

ಹೇಳಿಲ್ಲ ಸರ್. ಗೊತ್ತಾಗುವುದಿಲ್ಲ ಅಂದೆ. ಗೊತ್ತಾಗದ್ದಕ್ಕೆ ಸಾಹುಕಾರ್ರು ದುಡ್ಡು ಕೊಡಬಾರದು ಅಂತ ನನ್ನ ವಾದ.

ಹಾಸ್ಟೆಲ್ ಕಿಟಕಿ, ಕಲಬುರಗಿ

ನನಗೊಂದು ಡೌಟ್. ನಮ್ಮ ಹಾಸ್ಟೆಲ್‌ನಲ್ಲಿ ಟಿವಿಯನ್ನು ಯಾರೂ ನೋಡುವುದಿಲ್ಲ. ರಿಯಾಲಿಟಿ ಶೋ ಎಲ್ಲ ಮೊಬೈಲ್ ಆ್ಯಪ್‌ನಲ್ಲೇ. ನಮ್ಮ ಓಟು ಟಿಆರ್‌ಪಿಯಲ್ಲಿ ಬರುತ್ತದಾ?

ಬೀದರ್‌ನವ

ಇಲ್ಲಪ್ಪ. ಈ ಮೀಟರ್ ಇರುವುದು ಮನೆಯ ಟಿವಿಗೆ. ಆ್ಯಪ್‌ನ ಲೆಕ್ಕ ಆ್ಯಪ್‌ನವರ ಹತ್ತಿರ ಬೇರೆ ಇರುತ್ತದೆ. ಹಾಸ್ಟೆಲ್, ಹೋಟೆಲ್, ಚಹಾ ಅಂಗಡಿಯ ಟಿವಿಯೂ ಮೀಟರ್ ಮನೆಗಳ ಲೆಕ್ಕದಲ್ಲಿ ಬರುವುದಿಲ್ಲ.

ಆಳಂದದ ರೈತ

ನಮ್ಮಂಥ ಹಳ್ಳಿಯವರನ್ನು ಇವರು ಎಣಿಸುತ್ತಾರೋ ಇಲ್ಲವೋ, ಅದನ್ನು ಮೊದಲು ಹೇಳ್ರಿ. ಟಿವಿಯಲ್ಲಿ ಬರುವ ಮನೆ, ಸೀರೆ, ಮಾತು ಒಂದೂ ನಮ್ಮ ಕಡೆಯದ್ದು ಅನ್ನಿಸುವುದಿಲ್ಲ. ನಮ್ಮ ಭಾಗದ ಮಾತು ಬಂದರೆ ಅದು ನಗಿಸಲಿಕ್ಕೆ ಮಾತ್ರ.

ಬೀದರ್‌ನವ

ಮೊದಲು ಎಣಿಸುತ್ತಿರಲಿಲ್ಲ. ಬಾರ್ಕ್‌ಗಿಂತ ಹಿಂದೆ ಟ್ಯಾಮ್ ಅಂತ ಇತ್ತು. ಅದರ ಮೀಟರ್ ನಗರಗಳಲ್ಲೇ ಇದ್ದವು. ಹಳ್ಳಿಯ ಅಂಕಿ ಶುರುವಾಗಿದ್ದು 2015ರ ಅಕ್ಟೋಬರ್‌ನಲ್ಲಿ. ಆ ವಾರ ದೇಶದ ಪಟ್ಟಿಯೇ ಮೇಲೆ ಕೆಳಗೆ ಆಯಿತು. ಜನ ಒಂದೇ ರಾತ್ರಿಯಲ್ಲಿ ರುಚಿ ಬದಲಾಯಿಸಲಿಲ್ಲ, ಎಣಿಸುವ ಮನೆ ಬದಲಾಯಿತು, ಅಷ್ಟೇ.

ಆದರೆ ಇನ್ನೊಂದು ತೊಡಕು ಉಳಿದಿದೆ. ನಾನು ಕೆಲಸ ಮಾಡುವಾಗ ನಮ್ಮ ಮೇಜಿಗೆ ಬರುತ್ತಿದ್ದದ್ದು ಕರ್ನಾಟಕ, ಅದರಲ್ಲಿ ನಗರ ಎಷ್ಟು ಹಳ್ಳಿ ಎಷ್ಟು, ಮತ್ತೆ ಬೆಂಗಳೂರು. ಕಲಬುರಗಿಗೆ ಇಷ್ಟು, ಬೀದರ್‌ಗೆ ಇಷ್ಟು ಅಂತ ಬಿಡಿಸಿ ನೋಡುವ ಮಾತೇ ಇರಲಿಲ್ಲ. ಒಂದು ಜಿಲ್ಲೆಗೆ ಬೀಳುವ ಮೀಟರ್ ಅಷ್ಟು ಕಡಿಮೆ. ಬೀದರ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ತೆಲುಗು, ಎದುರು ಮನೆಯಲ್ಲಿ ಮರಾಠಿ, ನಮ್ಮ ಮನೆಯಲ್ಲಿ ಹಿಂದಿ ಸುದ್ದಿ ನಡೆಯುತ್ತದೆ. ಇದೆಲ್ಲ ರಾಜ್ಯದ ಸರಾಸರಿಯಲ್ಲಿ ಕರಗಿಹೋಗುತ್ತದೆ. ನಮ್ಮ ಮಾತಿನ ಧಾರಾವಾಹಿ ಬರದಿರುವುದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ "ನಿಮ್ಮ ಕಡೆ ಇದು ಓಡುತ್ತದೆ" ಅಂತ ತೋರಿಸುವ ಅಂಕಿಯೇ ಇಲ್ಲದಿದ್ದರೆ, ಚಾನೆಲ್ ಮೀಟಿಂಗ್‌ನಲ್ಲಿ ನಮ್ಮ ಪರ ಏನು ಹಿಡಿದು ವಾದ ಮಾಡುವುದು?

ಕೇಬಲ್ ಕಾಕಾ, ಶಹಾಪುರ

ಬಾಕ್ಸ್ ವಿಷಯ ತಪ್ಪಾಯಿತು, ಒಪ್ಪಿಕೊಂಡೆ. ಆದರೆ ನೀವು ಯಾರೂ ಹೇಳದ ಒಂದು ಮಾತು ನನಗೆ ಗೊತ್ತು. ನೀವು ಬಾಕ್ಸ್ ಹಚ್ಚಿದ ಕೂಡಲೇ ನೀವು ಹಾಕದ ಒಂದು ಚಾನೆಲ್ ಬರುತ್ತದೆ ನೋಡಿ. ಲ್ಯಾಂಡಿಂಗ್ ಪೇಜ್ ಅಂತಾರೆ. ಅದು ಸುಮ್ನೆ ಬರುವುದಿಲ್ಲ. ಆ ಜಾಗಕ್ಕೆ ಚಾನೆಲ್‌ನವರು ದೊಡ್ಡ ಕೇಬಲ್ ಕಂಪನಿಗೆ ದುಡ್ಡು ಕೊಡುತ್ತಾರೆ. ನಮ್ಮಂಥ ಸಣ್ಣವರಿಗೆ ಅದರಲ್ಲಿ ಚಹಾದ ದುಡ್ಡೂ ಸಿಗುವುದಿಲ್ಲ ಬಿಡಿ.

ಬೀದರ್‌ನವ

ಕಾಕಾ, ಇದು ನೂರಕ್ಕೆ ನೂರು ನಿಜ. ಕೇಬಲ್ ವ್ಯವಹಾರಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಇದನ್ನು ತಡೆಯಲು ಹೋಗಿ ಕೇಸು ನಡೆದು ಆದೇಶ ನಿಲ್ಲಲಿಲ್ಲ. ಬಾರ್ಕ್ ತನ್ನ ಕಡೆಯಿಂದ ಇಂಥ ವಿಚಿತ್ರ ಏರಿಕೆಯನ್ನು ಸೋಸಲು ನೋಡುತ್ತದೆ.

ಇದನ್ನು ಅಂಕಿಯಲ್ಲೇ ಹಿಡಿಯಬಹುದು. ಅರ್ಧ ಗಂಟೆಯ ಕಾರ್ಯಕ್ರಮ. ಮೊದಲು 100 ಜನ ಬಂದು ತಲಾ 12 ನಿಮಿಷ ನೋಡುತ್ತಿದ್ದರು. ಒಟ್ಟು 1,200 ನಿಮಿಷ, 30ರಿಂದ ಭಾಗಿಸಿದರೆ ನಿಮಿಷಕ್ಕೆ ಸರಾಸರಿ 40 ಜನ. ಲ್ಯಾಂಡಿಂಗ್ ಪೇಜ್ ಹಾಕಿದ ಮೇಲೆ 250 ಜನ ಬರುತ್ತಾರೆ, ಆದರೆ ರಿಮೋಟ್ ಸಿಗುವ ತನಕ ಅಷ್ಟೇ. ಸರಾಸರಿ 6 ನಿಮಿಷ. ಒಟ್ಟು 1,500, ನಿಮಿಷಕ್ಕೆ 50 ಜನ. ರೇಟಿಂಗ್ ಕಾಲು ಭಾಗ ಏರಿತು, ನೋಡುವ ಹೊತ್ತು ಅರ್ಧ ಇಳಿಯಿತು. ಕಾರ್ಯಕ್ರಮ ನಿಜಕ್ಕೂ ಚೆನ್ನಾಗಿದ್ದು ಬೆಳೆದಿದ್ದರೆ ನೋಡುವ ಹೊತ್ತು ಹೀಗೆ ಬೀಳುವುದಿಲ್ಲ. ಸಾಹುಕಾರ್ರೇ, ರೇಟಿಂಗ್ ಜೊತೆಗೆ "ಎಷ್ಟು ಜನ ಬಂದರು, ತಲಾ ಎಷ್ಟು ನಿಮಿಷ" ಅಂತ ಎರಡನ್ನೂ ಕೇಳಿ.

ಚಿಂಚೋಳಿ ಹುಡುಗಿ

ಇಷ್ಟೆಲ್ಲ ಒದ್ದಾಟ ಯಾಕೆ? ಚೆನ್ನಾಗಿ ಕಾರ್ಯಕ್ರಮ ಮಾಡಿದರೆ ಜನ ಬರುವುದಿಲ್ಲವಾ?

ಬೀದರ್‌ನವ

ದುಡ್ಡಿನ ದೊಡ್ಡ ದಾರಿ ಜಾಹೀರಾತೇ ತಂಗಿ. ಕೇಬಲ್ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು, ಅದರಲ್ಲೂ ಎರಡು ನಿಮಿಷ ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಈ ಮಿತಿಯ ಮೇಲೂ ಜಗಳ ಕೋರ್ಟಿಗೆ ಹೋಗಿದೆ. ಏನೇ ಇರಲಿ, ಜಾಹೀರಾತನ್ನು ಒಂದು ಅಳತೆಗಿಂತ ಜಾಸ್ತಿ ತುರುಕಿದರೆ ಜನ ಎದ್ದುಹೋಗುತ್ತಾರೆ. ನಿಮಿಷ ಹೆಚ್ಚಿಸಲು ಆಗದಿದ್ದರೆ 10 ಸೆಕೆಂಡಿನ ಬೆಲೆ ಹೆಚ್ಚಿಸಬೇಕು. ಬೆಲೆಗೆ ಆಧಾರ ರೇಟಿಂಗ್. ಅದೇ 10 ಸೆಕೆಂಡು, ಅದೇ ಕ್ಯಾಮೆರಾ, ಅದೇ ಸಂಬಳ. ರೇಟಿಂಗ್ ಡಬಲ್ ಆದರೆ ಆದಾಯ ಡಬಲ್ ಕೇಳಬಹುದು.

ಕೊಳ್ಳುವವರಿಗೂ ಬೇರೆ ದಾರಿ ಇಲ್ಲ. ಇಪ್ಪತ್ತು ಚಾನೆಲ್ ಬಂದು ನಾನೇ ದೊಡ್ಡವನು ಅಂದಾಗ ಬೆಲೆ ಹೋಲಿಸಲು ಒಂದು ಅಳತೆಗೋಲು ಬೇಕು. 10 ಸೆಕೆಂಡಿನ ಬೆಲೆಯನ್ನು ರೇಟಿಂಗ್‌ನಿಂದ ಭಾಗಿಸುತ್ತಾರೆ. ಸಿಪಿಆರ್‌ಪಿ ಅಂತಾರೆ, ಒಂದು ರೇಟಿಂಗ್ ಪಾಯಿಂಟ್‌ಗೆ ಎಷ್ಟು ಬಿತ್ತು ಅಂತ. ಸಾಹುಕಾರ್ರದ್ದು 3,000ವನ್ನು 0.9ರಿಂದ ಭಾಗಿಸಿದರೆ 3,333. ಅದೇ 0.5ರಿಂದ ಭಾಗಿಸಿದರೆ 6,000. ಏಜೆಂಟ್ ಒಳ್ಳೆಯ ವಾರ ಹಿಡಿದುಕೊಂಡು ಓಡಿಬಂದದ್ದು ಇದಕ್ಕೇ.

ಒಂದೊಂದು ಮನೆಗೆ ಇಷ್ಟು ತೂಕ ಇದ್ದರೆ ಆ ಮನೆಯನ್ನೇ ಹಿಡಿಯೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಕೆಲವು ಚಾನೆಲ್‌ನವರು ಮೀಟರ್ ಮನೆಗೆ ದುಡ್ಡು ಕೊಟ್ಟು ತಮ್ಮ ಚಾನೆಲ್ ಹಾಕಿಸುತ್ತಿದ್ದರು ಅಂತ ಮುಂಬೈ ಪೊಲೀಸರು ಕೇಸು ಹಾಕಿದರು. ಮುಂದೆ ಆ ಕೇಸು ವಾಪಸ್ ಹೋಯಿತು. ಆದರೆ ಸುದ್ದಿ ಚಾನೆಲ್‌ಗಳ ರೇಟಿಂಗ್ ಆಗ ನಿಂತದ್ದು ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಅದೂ ಒಂದು ವಾರದ್ದಲ್ಲ, ನಾಲ್ಕು ವಾರದ ಸರಾಸರಿ. ಸಾಹುಕಾರ್ರೇ, ನೀವೂ ಅದನ್ನೇ ಕೇಳಿ. ನಾಲ್ಕು ವಾರದ ಸರಾಸರಿ, ಅದೇ ಹೊತ್ತು, ಅದೇ ಗುಂಪು, ಇಡೀ ಕರ್ನಾಟಕ.

ಸುರಪುರದಕ್ಕ

ನನ್ನ ಧಾರಾವಾಹಿಯ ವಿಷಯ ಎಲ್ಲರೂ ಮರೆತಿರಿ.

ಬೀದರ್‌ನವ

ಮರೆತಿಲ್ಲ ಅಕ್ಕಾ. 7 ಗಂಟೆ ದುಬಾರಿ ಜಾಗ. ಅಲ್ಲಿ ಕಡಿಮೆ ರೇಟಿಂಗ್ ಬಂದರೆ ಚಾನೆಲ್‌ಗೆ ದಿನವೂ ನಷ್ಟ. 10:30ಕ್ಕೆ ತಳ್ಳಿದಾಗ ನಿಮ್ಮಂಥವರು ಮಲಗಿದಿರಿ, ರೇಟಿಂಗ್ ಇನ್ನೂ ಬಿತ್ತು, ನಿಲ್ಲಿಸಲು ಕಾರಣ ಸಿಕ್ಕಿತು. ದೂರು ಕೊಟ್ಟು ಪ್ರಯೋಜನವಿಲ್ಲ, ಅವರ ಕೈಯಲ್ಲಿ ಅಂಕಿ ಇದೆ.

ಸುರಪುರದಕ್ಕ

ಅಂಕಿ ಬೀಳುವ ಹಾಗೆ ಅವರೇ ಮಾಡಿದರಲ್ಲಪ್ಪ!

ಬ್ಯಾಳಿ ಸಾಹುಕಾರ, ಕಲಬುರಗಿ

ಎಲ್ಲರಿಗೂ ಶರಣು. ನೀವು ಹೇಳಿದ ಹಾಗೆ ಏಜೆಂಟ್‌ಗೆ ನಾಲ್ಕು ವಾರದ್ದು ಕೇಳಿದೆ. ಎರಡು ದಿನ ಫೋನ್ ಎತ್ತಲಿಲ್ಲ. ಆಮೇಲೆ ಕಳಿಸಿದ. 0.6, 0.5, 0.5, 0.9. ಸರಾಸರಿ 0.62 ಚಿಲ್ಲರೆ. ಮಗ ಕೂತು ಭಾಗಿಸಿದ. ಪಾಯಿಂಟ್‌ಗೆ 4,800 ಬಿತ್ತು. ತಲಾ ಎಷ್ಟು ನಿಮಿಷ ಅಂದಿದ್ದಕ್ಕೆ "ಅದು ಆಫೀಸಿನಲ್ಲಿ ಕೇಳಿ ಹೇಳ್ತೀನಿ ಸರ್" ಅಂದ, ಇನ್ನೂ ಹೇಳಿಲ್ಲ.

ಈ ನಡುವೆ ನಮ್ಮೂರಿನ ಲೋಕಲ್ ಕೇಬಲ್ ಚಾನೆಲ್‌ನವನೂ ಬಂದ. ಕಲಬುರಗಿಯಲ್ಲಿ ಅವರದೇ ನಂಬರ್ ಒನ್ ಅಂತೆ. ಅದು ನಿಜವಾ?

ಬೀದರ್‌ನವ

ಧ್ವನಿಯಲ್ಲಿ ಗುರುತು ಹಾಕದ ಚಾನೆಲ್ ಮೀಟರ್‌ಗೆ ಕಾಣುವುದೇ ಇಲ್ಲ. ಲೋಕಲ್ ಚಾನೆಲ್ ಸಾಮಾನ್ಯವಾಗಿ ಹಾಕಿಸಿರುವುದಿಲ್ಲ. ಹಾಗಾಗಿ ಅವನ ನಂಬರ್ ಒನ್‌ಗೆ ಎಣಿಕೆ ಇಲ್ಲ. ಆದರೆ ನಿಮ್ಮ ಪ್ಯಾಕೆಟ್ ಈಗ ಎಲ್ಲಿ ಸಿಗುತ್ತದೆ? ಕಲಬುರಗಿ, ಜೇವರ್ಗಿ, ಸೇಡಂ ಅಷ್ಟೇ ಆದರೆ, ಮೈಸೂರಿನ ಹೆಂಗಸರಿಗೂ ಸೇರಿಸಿ ದುಡ್ಡು ಯಾಕೆ ಕೊಡುತ್ತೀರಿ?

ಬ್ಯಾಳಿ ಸಾಹುಕಾರ, ಕಲಬುರಗಿ

ಬೆಂಗಳೂರಿನಲ್ಲಿ ಎರಡು ಅಂಗಡಿಗೆ ಕೊಟ್ಟಿದ್ದೇವೆ. ಉಳಿದದ್ದೆಲ್ಲ ಇಲ್ಲೇ.

ಕೇಬಲ್ ಕಾಕಾ, ಶಹಾಪುರ

ಲೋಕಲ್‌ನಲ್ಲಿ ಹಾಕಿಸ್ರಿ ಸಾಹುಕಾರ್ರೇ. ಒಂದು ವಾರ ಜೇವರ್ಗಿಯಲ್ಲಿ ಮಾತ್ರ ಓಡಿಸಿ, ಸೇಡಂನಲ್ಲಿ ಬೇಡ. ತಿಂಗಳಾದ ಮೇಲೆ ಎರಡೂ ಕಡೆಯ ಅಂಗಡಿಯವರು ಎಷ್ಟು ಪ್ಯಾಕೆಟ್ ಮತ್ತೆ ತರಿಸಿದರು ನೋಡಿ. ನಮ್ಮ ಮೀಟರ್ ಅದೇ.

ಲೆಕ್ಕದ ಮೇಷ್ಟ್ರು, ಯಾದಗಿರಿ

ಜೇವರ್ಗಿಯಲ್ಲಿ ಆ ತಿಂಗಳು ಜಾತ್ರೆ ಇದೆಯೋ ಏನೋ ಮೊದಲು ನೋಡಿಕೊಳ್ಳಿ.